ಒಂದು ಸಮ ಚಿಹ್ನೆಯ ಕಿತಾಪತಿ

ಇಂಜಿನಿಯರಿಂಗ್ ಕಾಲೇಜಿನ ಅಲ್ಗಾರಿದಮ್ ಲ್ಯಾಬಿನಲ್ಲಿ ಕ್ವಿಕ್‌ಸಾರ್ಟ್ ಪ್ರಯೋಗ ತಪ್ಪುವುದಿಲ್ಲ. ವಿಟಿಯು ಲ್ಯಾಬ್‌ನಲ್ಲಿ ಕೂತವರಿಗೆ ಆ ಪ್ರಶ್ನೆ ಇವತ್ತಿಗೂ ನೆನಪಿರುತ್ತದೆ. ಎನ್ ಸಂಖ್ಯೆಗಳನ್ನು ಕ್ವಿಕ್‌ಸಾರ್ಟ್‌ನಿಂದ ಏರಿಕೆ ಕ್ರಮಕ್ಕೆ ತರಬೇಕು, ಎನ್ 5000ಕ್ಕಿಂತ ಹೆಚ್ಚಿರಬೇಕು, ಎನ್ ಬದಲಾದಂತೆ ಎಷ್ಟು ಸಮಯ ಹಿಡಿಯಿತೆಂದು ಬರೆದುಕೊಂಡು ಗ್ರಾಫ್ ಹಾಕಬೇಕು. ಸಂಖ್ಯೆಗಳನ್ನು ಕೈಯಲ್ಲಿ ಟೈಪ್ ಮಾಡುವ ಹಾಗಿಲ್ಲವಲ್ಲ, ಹಾಗಾಗಿ ಎಲ್ಲರೂ ಕಂಪ್ಯೂಟರಿನಿಂದಲೇ ಹುಟ್ಟಿಸಿಕೊಳ್ಳುತ್ತಾರೆ.

ಒಂದು ಬ್ಯಾಚ್‌ನಲ್ಲಿ ಅಕ್ಕಪಕ್ಕ ಕೂತ ಇಬ್ಬರು ಹುಡುಗಿಯರು ಒಂದೇ ಪ್ರೋಗ್ರಾಂ ಬರೆದಿದ್ದರು. ಒಂದೇ ಸೀನಿಯರ್‌ನ ರೆಕಾರ್ಡ್‌ನಿಂದ ಇಳಿಸಿಕೊಂಡದ್ದು ಎಂದು ನನಗೂ ಗೊತ್ತಿತ್ತು, ನಾನು ಕೇಳಲಿಲ್ಲ. ಒಬ್ಬಳ ಗ್ರಾಫ್ ಹೆಚ್ಚುಕಡಿಮೆ ನೇರ ಗೆರೆ. ಇನ್ನೊಬ್ಬಳದು ದೋಸೆಯ ಅಂಚು ಎದ್ದ ಹಾಗೆ ಬಲಗಡೆ ಮೇಲಕ್ಕೆ ಎದ್ದಿತ್ತು. "ಮೇಡಂ, ಇಬ್ಬರದೂ ಒಂದೇ ಪ್ರೋಗ್ರಾಂ, ನಂದು ಮಾತ್ರ ಯಾಕೆ ಹೀಗೆ?" ಅಂದಳು. ಎರಡೂ ತೆರೆಗಳನ್ನು ಸಾಲು ಸಾಲಾಗಿ ಹೋಲಿಸಿ ನೋಡಿದಾಗ ವ್ಯತ್ಯಾಸ ಒಂದೇ ಕಡೆ ಇತ್ತು. ಪಕ್ಕದವಳು `rand()` ಎಂದು ಬರೆದಿದ್ದಳು. ಇವಳು `rand() % 10` ಎಂದು ಬರೆದಿದ್ದಳು. ಉತ್ತರ ತೆರೆಯ ಮೇಲೆ ಬಂದಾಗ ಹತ್ತಂಕಿ ಉದ್ದುದ್ದ ಸಂಖ್ಯೆಗಳಿಗಿಂತ ಒಂದಂಕಿ ಸಂಖ್ಯೆಗಳನ್ನು ಪರೀಕ್ಷಿಸಿ ನೋಡುವುದು ಸುಲಭ ಎಂಬುದಷ್ಟೇ ಅವಳ ಲೆಕ್ಕಾಚಾರ.

ಅಂದರೆ ಒಬ್ಬಳ 50,000 ಸಂಖ್ಯೆಗಳು ಬಹುಪಾಲು ಬೇರೆ ಬೇರೆ. ಇನ್ನೊಬ್ಬಳ 50,000 ಸಂಖ್ಯೆಗಳಲ್ಲಿ ಇರುವುದು ಸೊನ್ನೆಯಿಂದ ಒಂಬತ್ತರವರೆಗಿನ ಹತ್ತೇ ಬೆಲೆಗಳು, ಒಂದೊಂದೂ ಸುಮಾರು 5,000 ಸಲ. ಸಾಮಾನ್ಯ ಬುದ್ಧಿಗೆ ಎರಡನೆಯದೇ ಸುಲಭದ ಕೆಲಸ ಅನ್ನಿಸಬೇಕು. ಹತ್ತು ರಾಶಿ ಮಾಡಿದರೆ ಮುಗಿಯಿತಲ್ಲ! ಆದರೆ ಅವಳ ಪ್ರೋಗ್ರಾಂ ಅದೇ ಕೆಲಸಕ್ಕೆ ನೂರು ಪಟ್ಟಿಗೂ ಹೆಚ್ಚು ದುಡಿಯುತ್ತಿತ್ತು. ಸುಲಭದ ದತ್ತಾಂಶ ಕಂಡರೆ ಕ್ವಿಕ್‌ಸಾರ್ಟ್ ಯಾಕೆ ತಿಣುಕುತ್ತದೆ ಎಂಬುದು ಪುಸ್ತಕದ ಬೋರ್ಡ್ ಪಾಠದಲ್ಲಿ ಅಷ್ಟಾಗಿ ಬರುವುದಿಲ್ಲ.

ಕ್ವಿಕ್‌ಸಾರ್ಟ್ ಎಂದರೇನೆಂದು ಗೊತ್ತಿಲ್ಲದವರಿಗಾಗಿ, ಮೇಷ್ಟ್ರ ಮೇಜಿನ ಮೇಲಿನ ಕೆಲಸದಿಂದಲೇ ಹೇಳುತ್ತೇನೆ. ಎದುರಿಗೆ 60 ಉತ್ತರ ಪತ್ರಿಕೆಗಳ ಕಟ್ಟು ಇದೆ. ಅಂಕಗಳ ಏರಿಕೆ ಕ್ರಮದಲ್ಲಿ ಜೋಡಿಸಬೇಕು. ಮೇಲಿನ ಪತ್ರಿಕೆಯನ್ನು ಎತ್ತಿಕೊಳ್ಳಿ, ಅದರಲ್ಲಿ 14 ಅಂಕ ಇದೆ ಎನ್ನೋಣ. ಉಳಿದ 59ನ್ನೂ ಒಂದೊಂದಾಗಿ ನೋಡುತ್ತ 14ಕ್ಕಿಂತ ಕಡಿಮೆ ಇರುವುದನ್ನು ಎಡಕ್ಕೆ, ಹೆಚ್ಚಿರುವುದನ್ನು ಬಲಕ್ಕೆ ಹಾಕಿ. ಈಗ ಕೈಯಲ್ಲಿರುವ ಪತ್ರಿಕೆಯ ಜಾಗ ಖಾಯಂ ಆಯಿತು. ಎರಡು ರಾಶಿಗಳ ನಡುವೆ ಅದು ಕೂರುತ್ತದೆ, ಮತ್ತೆ ಅದನ್ನು ಮುಟ್ಟುವ ಹಾಗಿಲ್ಲ. ಇನ್ನು ಎಡರಾಶಿಗೂ ಬಲರಾಶಿಗೂ ಬೇರೆಬೇರೆಯಾಗಿ ಇದೇ ಕೆಲಸ. ರಾಶಿ ಒಂದೇ ಪತ್ರಿಕೆಗೆ ಇಳಿದಾಗ ನಿಲ್ಲಿಸಿ. ಕೈಯಲ್ಲಿ ಹಿಡಿದ ಆ ಪತ್ರಿಕೆಗೆ ಪಿವಟ್ ಎನ್ನುತ್ತಾರೆ, ರಾಶಿ ಒಡೆಯುವುದಕ್ಕೆ ಪಾರ್ಟಿಷನ್ ಎನ್ನುತ್ತಾರೆ. ಇಷ್ಟೇ ಕ್ವಿಕ್‌ಸಾರ್ಟ್.

ಇದನ್ನು ಕಂಡುಹಿಡಿದವರು ಟೋನಿ ಹೋರ್. ಕೊಲಂಬೋದಲ್ಲಿ ಹುಟ್ಟಿದ ಈ ಇಂಗ್ಲಿಷಿನವರು ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ತರುವ ಕೆಲಸದಲ್ಲಿ ತೊಡಗಿದ್ದರು. ನಿಘಂಟು ಟೇಪಿನಲ್ಲಿತ್ತು. ವಾಕ್ಯದ ಪದಗಳನ್ನು ಮೊದಲೇ ಅಕಾರಾದಿಯಾಗಿ ಜೋಡಿಸಿಕೊಂಡರೆ ಟೇಪನ್ನು ಹಿಂದೆ ಮುಂದೆ ಸುತ್ತುವ ಗೋಳು ತಪ್ಪುತ್ತಿತ್ತು. ಹೀಗೆ ಹೊಳೆದ ಉಪಾಯವನ್ನು 1961ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿಗೆ ಮರಳಿ ಕೆಲಸಕ್ಕೆ ಸೇರಿದಾಗ, ತನ್ನ ಬಳಿ ಇದಕ್ಕಿಂತ ವೇಗದ ವಿಧಾನ ಇದೆ ಎಂದು ಮೇಲಧಿಕಾರಿಯ ಜೊತೆ ಆರು ಪೆನ್ಸ್ ಬಾಜಿ ಕಟ್ಟಿ ಗೆದ್ದದ್ದನ್ನು ಅವರೇ ಹೇಳಿಕೊಂಡಿದ್ದಾರೆ.

ಇದರ ವೇಗದ ಗುಟ್ಟು ಇರುವುದು ರಾಶಿ ಎರಡಾಗಿ ಒಡೆಯುವುದರಲ್ಲಿ. ಸರಿಸುಮಾರು ಅರ್ಧರ್ಧ ಒಡೆದರೆ 60 ಪತ್ರಿಕೆ 30 ಆಗುತ್ತದೆ, ಮತ್ತೆ 15, 7, 3. ಐದಾರು ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಒಂದು ಲಕ್ಷ ಸಂಖ್ಯೆಗಳಾದರೂ ಹದಿನೇಳು ಸಲ ಅರ್ಧ ಮಾಡಿದರೆ ಒಂದಕ್ಕೆ ಇಳಿಯುತ್ತದೆ. ಪ್ರತಿ ಸಲವೂ ಅಚ್ಚುಕಟ್ಟಾಗಿ ಅರ್ಧ ಆಗಬೇಕೆಂದೇನಿಲ್ಲ, ತಕ್ಕಮಟ್ಟಿಗೆ ಆದರೂ ಸಾಕು. ಬೇರೆ ಬೇರೆ ಬೆಲೆಗಳ ಕಲಸಿದ ಒಂದು ಲಕ್ಷಕ್ಕೆ ಸರಾಸರಿ ಸುಮಾರು 20 ಲಕ್ಷ ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಕೆಡುವುದು ಒಡೆತ ತೀರಾ ಏಕಪಕ್ಷೀಯವಾದಾಗ, ಅಂದರೆ ಒಂದು ಕಡೆ ಏನೂ ಇಲ್ಲದೆ ಇನ್ನೊಂದು ಕಡೆ ಎಲ್ಲವೂ ಬಿದ್ದಾಗ. ಆಗ 60 ಪತ್ರಿಕೆ ಒಂದು ಸುತ್ತಿಗೆ 59 ಆಗುತ್ತದೆ, ಮುಂದಿನ ಸುತ್ತಿಗೆ 58. ಹೋಲಿಕೆಗಳು 59, 58, 57 ಎಂದು ಕೂಡುತ್ತ 1,770 ಆಗುತ್ತವೆ. ಕಟ್ಟು ಎರಡು ಪಟ್ಟಾದರೆ ಶ್ರಮ ನಾಲ್ಕು ಪಟ್ಟು. ಲ್ಯಾಬಿನ ಭಾಷೆಯಲ್ಲಿ ಇದೇ ಎನ್ ಸ್ಕ್ವೇರ್.

ಮೊದಲೇ ಜೋಡಿಸಿದ ಕಟ್ಟು ಕೊಟ್ಟು, ಮೇಲಿನ ಪತ್ರಿಕೆಯನ್ನೇ ಪಿವಟ್ ಮಾಡಿಕೊಂಡರೆ ಹೀಗಾಗುತ್ತದೆ ಎಂಬುದು ಎಲ್ಲ ವಿದ್ಯಾರ್ಥಿಗಳ ಬಾಯಲ್ಲೂ ಇದೆ. ವೈವಾದಲ್ಲಿ ಕೇಳಿದರೆ ಥಟ್ಟನೆ ಹೇಳುತ್ತಾರೆ. ಅದಕ್ಕೆ ಮದ್ದೂ ಗೊತ್ತು, ಪಿವಟ್ಟನ್ನು ಎಲ್ಲಿಂದಾದರೂ ಕಣ್ಣುಮುಚ್ಚಿ ಆರಿಸಿಕೊಳ್ಳುವುದು. ಆದರೆ ನಮ್ಮ ಹುಡುಗಿಯ ಸಂಖ್ಯೆಗಳು ಜೋಡಿಸಿದ್ದವಲ್ಲ, ಚೆನ್ನಾಗಿ ಕಲಸಿದ್ದವು. ಕಣ್ಣುಮುಚ್ಚಿ ಆರಿಸಿದ್ದರೂ ಅವಳ ಗ್ರಾಫ್ ಹಾಗೆಯೇ ಏಳುತ್ತಿತ್ತು. ಎಲ್ಲ ಪತ್ರಿಕೆಗಳಲ್ಲೂ 14 ಅಂಕವೇ ಇದ್ದರೆ ಯಾವುದನ್ನು ಎತ್ತಿಕೊಂಡರೇನು?

ನಿಜವಾದ ಪ್ರಶ್ನೆ ಬೇರೆ. ನಾನು ಮೇಲೆ ಹೇಳುವಾಗ ಜಾಣತನದಿಂದ ಒಂದು ಮಾತನ್ನು ನುಂಗಿಕೊಂಡೆ. ಕಡಿಮೆ ಇದ್ದರೆ ಎಡಕ್ಕೆ, ಹೆಚ್ಚಿದ್ದರೆ ಬಲಕ್ಕೆ. ಸಮ ಇದ್ದರೆ? ಕೈಯಲ್ಲಿ 14, ಎದುರಿಗೂ 14. ಈ ಪತ್ರಿಕೆಯನ್ನು ಎಲ್ಲಿ ಹಾಕಬೇಕು? ಅವಳ ಪ್ರೋಗ್ರಾಂ ಇದಕ್ಕೆ ಹೇಗೆ ಉತ್ತರ ಕೊಟ್ಟಿತ್ತು ನೋಡಿ.

```
int partition(int a[], int low, int high)
{
    int key = a[low], i = low + 1, j = high, t;
    while (1) {
        while (i <= high && a[i] <= key) i++;
        while (a[j] > key) j--;
        if (i >= j) break;
        t = a[i]; a[i] = a[j]; a[j] = t;
    }
    t = a[low]; a[low] = a[j]; a[j] = t;
    return j;
}
```

ಕೋಡ್ ಓದಲು ಬಾರದವರು ಗಾಬರಿಯಾಗಬೇಡಿ. ಸಾಲಿನ ಎಡ ತುದಿಯಿಂದ `i` ಎಂಬ ಬೆರಳು ಬಲಕ್ಕೆ ನಡೆಯುತ್ತದೆ. ಬಲ ತುದಿಯಿಂದ `j` ಎಂಬ ಬೆರಳು ಎಡಕ್ಕೆ ನಡೆಯುತ್ತದೆ. `i` ಪಿವಟ್ಟಿಗಿಂತ ದೊಡ್ಡದು ಕಂಡಾಗ ನಿಲ್ಲುತ್ತದೆ, `j` ದೊಡ್ಡದಲ್ಲದ್ದು ಕಂಡಾಗ ನಿಲ್ಲುತ್ತದೆ. ಎರಡೂ ನಿಂತಾಗ ಅದಲುಬದಲು. ಬೆರಳುಗಳು ಒಂದನ್ನೊಂದು ದಾಟಿದಾಗ ಕೆಲಸ ಮುಗಿಯಿತು. ಈಗ ಐದನೆಯ ಸಾಲಿನ `a[i] <= key` ಎಂಬಲ್ಲಿನ ಸಮ ಚಿಹ್ನೆಯನ್ನು ನೋಡಿ. ಪಿವಟ್ಟಿಗೆ ಸಮ ಇದ್ದರೂ ದಾಟಿಕೊಂಡು ಹೋಗು ಎಂದು ಅದು ಹೇಳುತ್ತದೆ. ಎಲ್ಲವೂ 14 ಆಗಿದ್ದರೆ `i` ಎಲ್ಲಿಯೂ ನಿಲ್ಲದೆ ಬಲ ತುದಿಯನ್ನೂ ದಾಟಿ ಹೋಗುತ್ತದೆ. `j` ಇದ್ದಲ್ಲೇ ಇರುತ್ತದೆ. ಪಿವಟ್ ಹೋಗಿ ಕೊನೆಯಲ್ಲಿ ಕೂರುತ್ತದೆ. ಎಡರಾಶಿಯಲ್ಲಿ ಒಂದು ಬಿಟ್ಟು ಎಲ್ಲವೂ, ಬಲರಾಶಿಯಲ್ಲಿ ಏನೂ ಇಲ್ಲ.

ಅವಳ ಸಾಲಿನಲ್ಲಿ ಹತ್ತು ಬೆಲೆಗಳಿದ್ದುದರಿಂದ ಮೊದಲ ಕೆಲವು ಸುತ್ತುಗಳಲ್ಲಿ ರಾಶಿಗಳು ಚೆನ್ನಾಗಿಯೇ ಒಡೆಯುತ್ತವೆ. ಬರಬರುತ್ತ ಬರೀ ಮೂರುಗಳ ರಾಶಿ, ಬರೀ ಏಳುಗಳ ರಾಶಿ ಉಳಿಯುತ್ತದೆ. ಕೆಲಸ ಅಲ್ಲಿಗೇ ಮುಗಿದಿದೆ, ಪ್ರೋಗ್ರಾಮಿಗೆ ಮಾತ್ರ ಅದು ಗೊತ್ತಿಲ್ಲ. 5,000 ಏಳುಗಳಿಂದ ಒಂದೊಂದೇ ಏಳನ್ನು ಕಿತ್ತು ಪಕ್ಕಕ್ಕಿಡುತ್ತ, ಪ್ರತಿ ಸಲ ಉಳಿದೆಲ್ಲವನ್ನೂ ಮತ್ತೆ ನೋಡುತ್ತ ಕೂರುತ್ತದೆ. ಒಂದು ರಾಶಿಗೆ ಸುಮಾರು 1.25 ಕೋಟಿ ಹೋಲಿಕೆ, ಹತ್ತು ರಾಶಿಗೆ 12.5 ಕೋಟಿ. ಪಕ್ಕದವಳ ಬೇರೆ ಬೇರೆ ಸಂಖ್ಯೆಗಳಿಗೆ ಬೇಕಾದದ್ದು ಸುಮಾರು ಒಂಬತ್ತೂವರೆ ಲಕ್ಷ. ಒಂದು ಲಕ್ಷ ಸಂಖ್ಯೆ ಕೊಟ್ಟರೆ ಪಕ್ಕದವಳದು 20 ಲಕ್ಷಕ್ಕೆ ಏರುತ್ತದೆ, ಇವಳದು 50 ಕೋಟಿಗೆ. ಗ್ರಾಫ್ ಬಗ್ಗಿದ್ದು ಇದಕ್ಕೇ.

"ಹಾಗಾದರೆ ಆ ಸಮ ಚಿಹ್ನೆ ತೆಗೆದುಬಿಡ್ತೀನಿ ಮೇಡಂ" ಎಂದು ಅವಳು ಅಳಿಸಿ, ಓಡಿಸಿದಳು. ಪ್ರೋಗ್ರಾಂ ಹಾಗೇ ನಿಂತುಬಿಟ್ಟಿತು. ಎಷ್ಟು ಕಾದರೂ ಉತ್ತರವಿಲ್ಲ. ಇದು ನಿಧಾನವಲ್ಲ, ಕೊನೆಯೇ ಇಲ್ಲದ ಸುತ್ತು. ಎರಡೂ ಬೆರಳುಗಳು ತಲಾ ಒಂದು ಏಳಿನ ಮುಂದೆ ನಿಲ್ಲುತ್ತವೆ, ಅದಲುಬದಲು ಮಾಡುತ್ತವೆ, ಮತ್ತೆ ನೋಡಿದರೆ ಎದುರಿಗೆ ಏಳೇ ಇದೆ, ಮತ್ತೆ ನಿಲ್ಲುತ್ತವೆ, ಮತ್ತೆ ಅದಲುಬದಲು. ಅದಲುಬದಲಾದ ಮೇಲೆ ಎರಡೂ ಬೆರಳುಗಳು ಒಂದೊಂದು ಹೆಜ್ಜೆ ಮುಂದಿಡಬೇಕು. ಆ ಸಾಲಿನ ಕೊನೆಗೆ `i++; j--;` ಸೇರಿಸಿದ ಮೇಲೆ ಗ್ರಾಫ್ ನೆಟ್ಟಗಾಯಿತು.

ಸಮ ಇರುವಲ್ಲಿ ನಿಂತು ಅದಲುಬದಲು ಮಾಡುವುದು ಶುದ್ಧ ದಂಡದ ಕೆಲಸ ಅನ್ನಿಸುತ್ತದೆ. ಏಳನ್ನು ಕೊಟ್ಟು ಏಳನ್ನು ತೆಗೆದುಕೊಳ್ಳುವ ವ್ಯಾಪಾರ. ಆದರೆ ಆ ದಂಡದ ಕೆಲಸದಿಂದಲೇ ಎರಡು ಬೆರಳುಗಳು ನಡುವಿನಲ್ಲಿ ಸಂಧಿಸುತ್ತವೆ, ರಾಶಿ ಅರ್ಧರ್ಧ ಒಡೆಯುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಡೊನಾಲ್ಡ್ ಕ್ನೂತ್ ಅವರ ಕೈಕೆಳಗೆ ಕ್ವಿಕ್‌ಸಾರ್ಟ್ ಮೇಲೆಯೇ ಡಾಕ್ಟರೇಟ್ ಮಾಡಿದ ರಾಬರ್ಟ್ ಸೆಜ್‌ವಿಕ್ 1977ರಲ್ಲಿ ಸಮ ಬೆಲೆಗಳ ಬಗ್ಗೆಯೇ ಒಂದು ಪ್ರಬಂಧ ಬರೆದು, ಸಮ ಕಂಡಲ್ಲಿ ಎರಡೂ ಬೆರಳುಗಳು ನಿಲ್ಲುವುದೇ ಮೇಲು ಎಂದು ಲೆಕ್ಕ ಹಾಕಿ ತೋರಿಸಿದರು.

ಅಷ್ಟು ಹೊತ್ತಿಗೇ ಗೊತ್ತಿದ್ದ ಸಂಗತಿ ಇದು. ಆದರೂ ಎಲ್ಲರೂ ಬಳಸುವ ಲೈಬ್ರರಿಗಳಲ್ಲಿ ಈ ಹುಳುಕು ವರ್ಷಗಟ್ಟಲೆ ಉಳಿಯಿತು. 1991ರ ಬೇಸಿಗೆಯಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಆಲನ್ ವಿಲ್ಕ್ಸ್ ಮತ್ತು ರಿಕ್ ಬೆಕರ್ ಎಂಬಿಬ್ಬರು `qsort` ಬಳಸಿ ಏನನ್ನೋ ಜೋಡಿಸುತ್ತಿದ್ದರು. ಕೆಲವು ನಿಮಿಷಗಳಲ್ಲಿ ಮುಗಿಯಬೇಕಾದ ಕೆಲಸ ಗಂಟೆಗಟ್ಟಲೆ ನಡೆಯಿತು. ನಡುವೆ ನಿಲ್ಲಿಸದಿದ್ದರೆ ವಾರಗಟ್ಟಲೆ ಓಡುತ್ತಿತ್ತು. ಅವರಿಗೆ ಸಿಕ್ಕ ದತ್ತಾಂಶ ಬೇರೆ ತೆರನದ್ದು, ಏರಿ ಮತ್ತೆ ಅದೇ ಮೆಟ್ಟಿಲುಗಳಲ್ಲಿ ಇಳಿಯುವ ಸಾಲು. ಅವರ ಸಹೋದ್ಯೋಗಿಗಳಾದ ಜಾನ್ ಬೆಂಟ್ಲಿ ಮತ್ತು ಡಗ್ ಮೆಕಿಲ್‌ರಾಯ್ ಇದಕ್ಕಿಂತ ಒಳ್ಳೆಯ `qsort` ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕಿ ಹೊರಟರು. ಬರ್ಕ್ಲಿಯಲ್ಲಿ 1983ರಲ್ಲಿ ಬರೆದದ್ದೊಂದು ಸಿಕ್ಕಿತು. ಅದಕ್ಕೆ ಬರೀ ಸೊನ್ನೆ ಮತ್ತು ಒಂದುಗಳನ್ನು ಕಲಸಿ ಕೊಟ್ಟರೆ ಸಾಕು, ಎನ್ ಸ್ಕ್ವೇರ್ ಹಾದಿ ಹಿಡಿಯುತ್ತಿತ್ತು. ಹನ್ನೆರಡರಷ್ಟು ಯುನಿಕ್ಸ್ ಲೈಬ್ರರಿಗಳನ್ನು ತಡಕಿದರೂ ಸುಲಭವಾಗಿ ಕೆಡಿಸಲಾಗದ `qsort` ಒಂದೂ ಸಿಗಲಿಲ್ಲ. ಎಲ್ಲವೂ ಒಂದೋ 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಿಂದ, ಇಲ್ಲವೇ ಆ ಬರ್ಕ್ಲಿಯದರಿಂದ ಬಂದವು. ನಮ್ಮ ಲ್ಯಾಬಿನ ಸೀನಿಯರ್ ರೆಕಾರ್ಡ್ ಕಥೆಯೇ, ದೊಡ್ಡ ಪ್ರಮಾಣದಲ್ಲಿ.

ಸೊನ್ನೆ, ಒಂದುಗಳ ಸಾಲನ್ನು ಯಾರು ಜೋಡಿಸುತ್ತಾರೆ ಎಂದು ಕೇಳಬಹುದು. ಎಲ್ಲರೂ ಜೋಡಿಸುತ್ತಾರೆ. ಶುಲ್ಕ ಕಟ್ಟಿದವರು ಮೇಲೆ, ಕಟ್ಟದವರು ಕೆಳಗೆ ಬರಲಿ ಎಂದರೆ ಅದೇ ಆಯಿತು. ಮತದಾರರನ್ನು ವಯಸ್ಸಿನ ಪ್ರಕಾರ ಜೋಡಿಸಿದರೆ ಲಕ್ಷ ಸಾಲುಗಳಿಗೆ ನೂರು ಬೆಲೆಗಳೂ ಇರುವುದಿಲ್ಲ. ತಾಲ್ಲೂಕು, ಲಿಂಗ, ರಕ್ತದ ಗುಂಪು, ಗ್ರೇಡು, ಯಾವುದನ್ನು ಹಿಡಿದರೂ ಅಷ್ಟೇ. ಪುಸ್ತಕದ ಲೆಕ್ಕಗಳಲ್ಲಿ ಸಂಖ್ಯೆಗಳೆಲ್ಲ ಬೇರೆ ಬೇರೆ ಎಂದು ಮೊದಲೇ ಊಹಿಸಿಕೊಂಡಿರುತ್ತಾರೆ, ಕಚೇರಿಯ ಪಟ್ಟಿಯಲ್ಲಿ ಹಾಗಿರುವುದು ಅಪರೂಪ.

ಸಮ ಕಂಡಲ್ಲಿ ನಿಲ್ಲುವ ಉಪಾಯದಿಂದ ಎನ್ ಸ್ಕ್ವೇರ್ ಕಾಟ ತಪ್ಪುತ್ತದೆ ನಿಜ. ಆದರೂ ಒಂದು ಲಕ್ಷ ಏಳುಗಳನ್ನು ಕೊಟ್ಟರೆ ಅದು ಹದಿನಾರೋ ಹದಿನೇಳೋ ಮಟ್ಟ ಇಳಿದು, ಪ್ರತಿ ಮಟ್ಟದಲ್ಲೂ ಏಳಿಗೆ ಏಳನ್ನು ಬದಲಾಯಿಸುತ್ತದೆ. ಒಟ್ಟು ಎಂಟು ಲಕ್ಷದ ಆಸುಪಾಸು ಅದಲುಬದಲು, ಒಂದೂ ಬೇಕಿರಲಿಲ್ಲ. ಮೇಜಿನ ಮೇಲೆ ಪತ್ರಿಕೆ ಜೋಡಿಸುವ ಮೇಷ್ಟ್ರು ಯಾರೂ ಹೀಗೆ ಮಾಡುವುದಿಲ್ಲ. ಅವರು 14 ಇರುವ ಪತ್ರಿಕೆಗಳಿಗೆಂದು ನಡುವೆ ಮೂರನೆಯ ರಾಶಿಯೊಂದನ್ನು ಮಾಡುತ್ತಾರೆ. ಆಮೇಲೆ ಎಡರಾಶಿಯನ್ನೂ ಬಲರಾಶಿಯನ್ನೂ ಮಾತ್ರ ಜೋಡಿಸುತ್ತಾರೆ. ನಡುವಿನ ರಾಶಿಯ ಕಡೆ ತಿರುಗಿಯೂ ನೋಡುವುದಿಲ್ಲ. ಮೂರು ದಾರಿಯ ಪಾರ್ಟಿಷನ್ ಅಂದರೆ ಇದೇ.

ಮೇಜಿನ ಮೇಲಾದರೆ ಮೂರನೆಯ ರಾಶಿಗೆ ಜಾಗವಿದೆ. ಕಂಪ್ಯೂಟರಿನಲ್ಲಿ ಇರುವುದು ಒಂದೇ ಸಾಲು, ಹೆಚ್ಚಿನ ಜಾಗ ಕೇಳದೆ ಅದರಲ್ಲೇ ಮೂರು ಗುಂಪು ಮಾಡಬೇಕು. ಡಚ್ ವಿಜ್ಞಾನಿ ಎಡ್ಸ್ಕರ್ ಡೈಕ್‌ಸ್ಟ್ರಾ 1976ರ ತಮ್ಮ ಪುಸ್ತಕದಲ್ಲಿ ಇದನ್ನೇ ತಮ್ಮ ದೇಶದ ಬಾವುಟದ ನೆಪದಲ್ಲಿ ಕೇಳಿದ್ದರು. ಕೆಂಪು, ಬಿಳಿ, ನೀಲಿ ಕಲ್ಲುಗಳು ಕಲಸಿಹೋಗಿವೆ, ಬಾವುಟದ ಕ್ರಮಕ್ಕೆ ತರಬೇಕು. ಅವರ ಪರಿಹಾರ ನಮ್ಮ ಕೆಲಸಕ್ಕೆ ಹೀಗೆ ಒಗ್ಗುತ್ತದೆ.

```
void sort3(int a[], int low, int high)
{
    if (low >= high) return;
    int p = a[low + rand() % (high - low + 1)];
    int lt = low, i = low, gt = high;
    while (i <= gt) {
        if (a[i] < p)      swap(a, lt++, i++);
        else if (a[i] > p) swap(a, i, gt--);
        else               i++;
    }
    sort3(a, low, lt - 1);
    sort3(a, gt + 1, high);
}
```

ಇಲ್ಲಿನ `swap` ಎರಡು ಜಾಗಗಳಲ್ಲಿರುವುದನ್ನು ಅದಲುಬದಲು ಮಾಡುವ ಪುಟ್ಟ ಫಂಕ್ಷನ್ ಎಂದುಕೊಳ್ಳಿ. ಈಗ ಬೆರಳುಗಳು ಮೂರು. `lt` ಇರುವಲ್ಲಿಗೆ ಚಿಕ್ಕವರ ಬೇಲಿ ಮುಗಿಯುತ್ತದೆ, `gt` ದಾಟಿದರೆ ದೊಡ್ಡವರ ಬೇಲಿ ಶುರು. `i` ನಡುವೆ ನಡೆಯುತ್ತ ಒಬ್ಬೊಬ್ಬರನ್ನೇ ವಿಚಾರಿಸುತ್ತದೆ. ಎಂಟು ಪತ್ರಿಕೆಗಳನ್ನು ತೆಗೆದುಕೊಂಡು ಕೈಯಾರೆ ಮಾಡಿ ನೋಡೋಣ. ಪಿವಟ್ 14.

```
14  9 14 17 14 12 14 18    ಶುರು
 9 14 14 17 14 12 14 18    9 ಎಡಕ್ಕೆ
 9 14 14 18 14 12 14 17    17 ಬಲ ತುದಿಗೆ
 9 14 14 14 14 12 18 17    18 ಅದರ ಪಕ್ಕಕ್ಕೆ
 9 12 14 14 14 14 18 17    12 ಎಡಕ್ಕೆ
```

ಮೊದಲ 14 ಸಮ, `i` ಸುಮ್ಮನೆ ಮುಂದೆ ಹೋಯಿತು. 9 ಚಿಕ್ಕದು, ಎಡ ಬೇಲಿಯೊಳಗೆ ಹೋಯಿತು. ಮುಂದಿನ 14ಕ್ಕೂ ಏನೂ ಮಾಡಬೇಕಿಲ್ಲ. 17 ದೊಡ್ಡದು, ಬಲ ತುದಿಯಲ್ಲಿದ್ದ 18ರ ಜೊತೆ ಅದಲುಬದಲಾಯಿತು. ಈ ಹೆಜ್ಜೆಯಲ್ಲಿ ಸ್ವಲ್ಪ ನಿಲ್ಲಿ. 17 ಹೋದ ಜಾಗಕ್ಕೆ ಬಂದು ಕೂತ 18 ಇನ್ನೂ ವಿಚಾರಣೆಯಾಗದ ಸಂಖ್ಯೆ. ಆದ್ದರಿಂದ `i` ಇಲ್ಲಿ ಕದಲಬಾರದು, ಅದೇ ಜಾಗವನ್ನು ಮತ್ತೆ ನೋಡಬೇಕು. ನೋಡಿದಾಗ 18 ಕೂಡ ದೊಡ್ಡದೆಂದು ತಿಳಿದು ಬಲಕ್ಕೆ ಹೋಯಿತು, ಅದರ ಜಾಗಕ್ಕೆ 14 ಬಂತು. ಮಕ್ಕಳು ಈ ಪ್ರೋಗ್ರಾಂ ಬರೆಯುವಾಗ ಎಡವುವುದು ಇಲ್ಲೇ. ಮೇಲಿನ ಸಾಲಿನಲ್ಲಿ `i++` ಇದೆಯಲ್ಲ ಎಂದು ಈ ಸಾಲಿಗೂ ಸೇರಿಸಿಬಿಡುತ್ತಾರೆ. ಆಗ 18 ನಾಲ್ಕನೆಯ ಜಾಗದಲ್ಲೇ ಉಳಿದು, 14ಗಳ ನಡುವೆ ಕೂತುಬಿಡುತ್ತದೆ. ಉತ್ತರ ತಪ್ಪು. ಎಡಕ್ಕೆ ಕಳಿಸುವಾಗ ಮಾತ್ರ ಈ ತೊಂದರೆ ಇಲ್ಲ, ಯಾಕೆಂದರೆ ಎಡಬೇಲಿಯಿಂದ ಬದಲಿಗೆ ಬರುವುದು `i` ಆಗಲೇ ನೋಡಿ ಸಮ ಎಂದು ಬಿಟ್ಟು ಬಂದದ್ದು, ಇಲ್ಲವೇ ಅದೇ ಸಂಖ್ಯೆ.

ಕೊನೆಯ ಸಾಲು ನೋಡಿ. ಎಡಕ್ಕೆ 9, 12. ನಡುವೆ ನಾಲ್ಕು 14ಗಳು. ಬಲಕ್ಕೆ 18, 17. ಇನ್ನು ಜೋಡಿಸಲು ಉಳಿದದ್ದು ಎರಡೆರಡು ಸಂಖ್ಯೆಗಳ ಎರಡು ಪುಟ್ಟ ರಾಶಿಗಳು. ನಾಲ್ಕು 14ಗಳೂ ಒಂದೇ ಏಟಿಗೆ ತಮ್ಮ ಖಾಯಂ ಜಾಗ ಸೇರಿದವು.

ಈಗ ಅವಳ 50,000 ಒಂದಂಕಿ ಸಂಖ್ಯೆಗಳಿಗೆ ಬನ್ನಿ. ಒಂದು ಪಾರ್ಟಿಷನ್ ಮುಗಿದರೆ ಒಂದು ಬೆಲೆ ಪೂರ್ತಿ ಕಣದಿಂದ ಹೊರಕ್ಕೆ. ಬೆಲೆಗಳು ಹತ್ತೇ ಆದ್ದರಿಂದ ಪಾರ್ಟಿಷನ್‌ಗಳೂ ಹತ್ತಕ್ಕಿಂತ ಹೆಚ್ಚಾಗುವುದಿಲ್ಲ, ಅವುಗಳಲ್ಲಿ ಬಹುಪಾಲು ಚಿಕ್ಕ ಚಿಕ್ಕ ರಾಶಿಗಳ ಮೇಲೆ. ಒಂದೊಂದು ಸಂಖ್ಯೆಯನ್ನೂ ಸರಾಸರಿ ಮೂರು ಮೂರೂವರೆ ಸಲ ನೋಡಿದರೆ ಮುಗಿಯಿತು. ಒಟ್ಟು ಸುಮಾರು 1.7 ಲಕ್ಷ ನೋಟ. ಒಂದು ನೋಟಕ್ಕೆ ಎರಡು ಹೋಲಿಕೆ ಹಿಡಿದರೂ ಮೂರೂವರೆ ಲಕ್ಷ ದಾಟುವುದಿಲ್ಲ. ಮೊದಲಿನದು 12.5 ಕೋಟಿ ಇತ್ತೆಂಬುದನ್ನು ನೆನಪಿಸಿಕೊಳ್ಳಿ. ಪಕ್ಕದವಳ ಒಂಬತ್ತೂವರೆ ಲಕ್ಷಕ್ಕಿಂತಲೂ ಇದು ಕಡಿಮೆ. ಸುಲಭದ ದತ್ತಾಂಶ ಕೊನೆಗೂ ಸುಲಭವಾಯಿತು. ಎಲ್ಲವೂ ಒಂದೇ ಬೆಲೆಯಾದರಂತೂ ಒಂದೇ ನಡಿಗೆ, ಒಂದೂ ಅದಲುಬದಲಿಲ್ಲ.

ಬೆಂಟ್ಲಿ ಮತ್ತು ಮೆಕಿಲ್‌ರಾಯ್ 1993ರಲ್ಲಿ ಪ್ರಕಟಿಸಿದ ಹೊಸ `qsort` ಕೂಡ ಮೂರು ದಾರಿಯದೇ. ಆದರೆ ಡೈಕ್‌ಸ್ಟ್ರಾ ಹೆಜ್ಜೆಗಳನ್ನು ಅವರು ಹಾಗೇ ತೆಗೆದುಕೊಳ್ಳಲಿಲ್ಲ. ಸಮ ಬೆಲೆಗಳು ಕಡಿಮೆ ಇರುವ ಸಾಲಿನಲ್ಲಿ ಆ ಕ್ರಮಕ್ಕೆ ಅದಲುಬದಲು ಜಾಸ್ತಿ. ನಮ್ಮ ಎಂಟು ಪತ್ರಿಕೆಗಳಲ್ಲೇ ನೋಡಿ, 17 ಮತ್ತು 18 ಎರಡೂ ಬಲಭಾಗದವೇ ಆಗಿದ್ದರೂ ಒಂದರ ಜಾಗಕ್ಕೆ ಒಂದು ಬಂದು ಸುಮ್ಮನೆ ಸುತ್ತಾಡಿದವು. ಅದಕ್ಕೆ ಅವರು ಹಳೆಯ ಎರಡು ಬೆರಳಿನ ನಡಿಗೆಯನ್ನೇ ಇಟ್ಟುಕೊಂಡು, ದಾರಿಯಲ್ಲಿ ಸಿಕ್ಕ ಸಮ ಬೆಲೆಗಳನ್ನು ಸಾಲಿನ ಎರಡು ತುದಿಗಳಿಗೆ ಎಸೆದರು. ನಡಿಗೆ ಮುಗಿದ ಮೇಲೆ ತುದಿಗಳಲ್ಲಿ ಕೂಡಿದ್ದನ್ನು ನಡುವಿಗೆ ತಂದರು. ಸಮ ಬೆಲೆಗಳಿದ್ದರೆ ಮಾತ್ರ ಹೆಚ್ಚಿನ ಕೂಲಿ, ಇಲ್ಲದಿದ್ದರೆ ಹಳೆಯ ಖರ್ಚೇ. ಜಾವಾದಲ್ಲಿ 2011ರ ಏಳನೇ ಆವೃತ್ತಿ ಬರುವವರೆಗೆ ಸಂಖ್ಯೆಗಳ ಅರೇಗಳನ್ನು ಜೋಡಿಸುತ್ತಿದ್ದದ್ದು ಇವರ ಕ್ರಮವೇ.

ಇದನ್ನು ಸರ್ವರೋಗ ನಿವಾರಕ ಎಂದುಕೊಂಡು ಹೊರಡಬೇಡಿ. ಮೂರು ದಾರಿ ಮಾಡಿಯೂ ಮೊದಲನೆಯದನ್ನೇ ಪಿವಟ್ ಆಗಿ ಹಿಡಿದರೆ, ಬೇರೆ ಬೇರೆ ಬೆಲೆಗಳ ಜೋಡಿಸಿದ ಸಾಲು ಅದನ್ನು ಮೊದಲಿನಂತೆಯೇ ಕೆಡವುತ್ತದೆ. ಅದು ಬೇರೆ ಕಾಯಿಲೆ, ಅದಕ್ಕೆ ಬೇರೆ ಮದ್ದು. ಮೇಲಿನ ಕೋಡಿನಲ್ಲಿ ಪಿವಟ್ ಆರಿಸಲು `rand()` ಇಟ್ಟಿರುವುದು ಅದಕ್ಕಾಗಿಯೇ. ಇನ್ನೊಂದು ಮಾತು. ಕಟ್ಟಿನಲ್ಲಿ ಪತ್ರಿಕೆಗಳು ರೋಲ್ ನಂಬರ್ ಪ್ರಕಾರ ಇದ್ದವೆಂದಿಟ್ಟುಕೊಳ್ಳಿ. ಅಂಕದ ಪ್ರಕಾರ ಜೋಡಿಸಿದ ಮೇಲೆ 14 ಅಂಕದವರೆಲ್ಲ ಒಟ್ಟಿಗೆ ಬರುತ್ತಾರೆ, ಆದರೆ ಅವರೊಳಗಿನ ರೋಲ್ ನಂಬರ್ ಕ್ರಮ ಉಳಿಯುವ ಖಾತರಿಯಿಲ್ಲ. ಆ ಕ್ರಮ ಬೇಕೆಂದರೆ ಮರ್ಜ್‌ಸಾರ್ಟ್ ಹಿಡಿಯುವುದೇ ವಾಸಿ. ಇನ್ನು ಬೆಲೆಗಳು ಹತ್ತೇ ಎಂದು ಮೊದಲೇ ಗೊತ್ತಿದ್ದರೆ ಯಾವ ಸಾರ್ಟೂ ಬೇಡ. ಸೊನ್ನೆ ಎಷ್ಟು, ಒಂದು ಎಷ್ಟು ಎಂದು ಎಣಿಸಿ ಬರೆದುಬಿಟ್ಟರೆ ಮುಗಿಯಿತು.

ನಿಮ್ಮ ಕೈಯಲ್ಲಿರುವ ಕ್ವಿಕ್‌ಸಾರ್ಟ್‌ಗೆ ಈ ಹುಳುಕು ಇದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಪೈಥಾನ್‌ನಲ್ಲಿ ಬರೆದಿದ್ದರೆ ಸಮಯ ಅಳೆಯುವ ಗೋಜೂ ಬೇಡ. ಒಂದರೊಳಗೊಂದು ಕರೆಗಳು ಸಾವಿರದ ಸುತ್ತಮುತ್ತ ಮುಟ್ಟಿದರೆ ಪೈಥಾನ್ ತಾನೇ ಕೈಚೆಲ್ಲುತ್ತದೆ. ಒಂದೇ ಬೆಲೆಯ ಎರಡು ಸಾವಿರ ಸಂಖ್ಯೆ ಕೊಡಿ, ಹುಳುಕಿದ್ದರೆ `RecursionError` ಎಂಬ ಸಂದೇಶ ತೆರೆಗೆ ಬರುತ್ತದೆ. ಸಿ ಭಾಷೆಯಲ್ಲಿ ಹಾಗಾಗುವುದಿಲ್ಲ, ಅದು ಸುಮ್ಮನೆ ನಿಧಾನವಾಗುತ್ತದೆ, ಸಾಲು ತೀರಾ ಉದ್ದವಾದರೆ ಸ್ಟ್ಯಾಕ್ ತುಂಬಿ ಬಿದ್ದೂಹೋಗಬಹುದು. ಅಲ್ಲಿ ಎನ್ ದ್ವಿಗುಣ ಮಾಡಿ ಸಮಯ ನೋಡಬೇಕು. ಸಮಯ ಎರಡು ಪಟ್ಟಿಗಿಂತ ತುಸು ಹೆಚ್ಚಾದರೆ ಸರಿ, ನಾಲ್ಕು ಪಟ್ಟಾದರೆ ಸಮ ಚಿಹ್ನೆ ಎಲ್ಲಿದೆ ಎಂದು ಹುಡುಕಿ.

ಅಂದಿನಿಂದ ನಮ್ಮ ಲ್ಯಾಬಿನಲ್ಲಿ ನಾನು ಎರಡು ಗ್ರಾಫ್ ಕೇಳುತ್ತೇನೆ, ಒಂದು `rand()` ಹಾಕಿದ್ದು, ಇನ್ನೊಂದು `rand() % 10` ಹಾಕಿದ್ದು. ಪಠ್ಯಕ್ರಮದ ಪ್ರಶ್ನೆಯಲ್ಲಿ ಎರಡನೆಯದು ಇಲ್ಲ. ಲ್ಯಾಬ್ ನಡೆಸುವ ಬೇರೆ ಮೇಷ್ಟ್ರುಗಳೂ ದಯವಿಟ್ಟು ಕೇಳಿ, ಹೆಚ್ಚಿಗೆ ಹಿಡಿಯುವುದು ಐದೇ ನಿಮಿಷ.